ತಪ್ಪಿ ಹೋದ ಒಂದು ಮೆಸೇಜು, ಇಬ್ಬರ ಸ್ನೇಹ: ನನ್ನ ಕಥೆ ಎಲ್ಲಿ ಸಡಿಲವಾಗಿದೆ ಹೇಳ್ತೀರಾ?

ವಸುಧಾ_ಬರಹ

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಕಥೆ ಬರೀತಿದ್ದೇನೆ. ಶುರು ಚೆನ್ನಾಗಿ ಬಂದಿದೆ ಅನ್ನಿಸುತ್ತೆ. ಮಧ್ಯಕ್ಕೆ ಬಂದಾಗ ಕುಸಿಯುತ್ತಿದೆ.

ಶಿರಸಿ ಕಡೆಯ ಒಂದು ಹಳ್ಳಿ. ಸಾವಿತ್ರಮ್ಮ, ಅರವತ್ತರ ಹತ್ತಿರ. ಅಡಿಕೆ ತೋಟದ ಮದ್ದಿನ ಕೆಲಸವನ್ನೆಲ್ಲ ಇಷ್ಟು ವರ್ಷ ಗಂಡನೇ ನೋಡಿಕೊಂಡಿದ್ದರು. ಈ ಸಲ ಅವರಿಗೆ ಪಾರ್ಶ್ವವಾಯು ಆಗಿ ಹಾಸಿಗೆ ಹಿಡಿದಿದ್ದಾರೆ. ಮಾತು ತೊದಲುತ್ತದೆ. ಮಗ ಬೆಂಗಳೂರಿನಲ್ಲಿ. ಮೇ ತಿಂಗಳ ಕೊನೆ, ಮಳೆ ಹಿಡಿಯುವ ಮೊದಲು ಕೊಳೆ ರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಮದ್ದು ಹೊಡೆಸಬೇಕು. ಗಂಡನ ಡೈರಿಯಲ್ಲಿ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಮಂಜನ ನಂಬರ್ ಇದೆ, ಕನ್ನಡ ಅಂಕಿಯಲ್ಲಿ. ಅವರ ಕೈಬರಹದಲ್ಲಿ ೬ ಮತ್ತು ೯ ಒಂದೇ ಥರ ಕಾಣುತ್ತವೆ. ಸಾವಿತ್ರಮ್ಮ ೬ ಇದ್ದಲ್ಲಿ 9 ಒತ್ತುತ್ತಾರೆ. ಟೈಪ್ ಮಾಡಲು ಬಾರದು, ಹಾಗಾಗಿ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜು:

"ಮಂಜಾ, ನಾನು ಸಾವಿತ್ರಕ್ಕ. ನಾಳೆ ಬೆಳಿಗ್ಗೆ ಮದ್ದು ಹೊಡೆಯೋಕೆ ಬರ್ತೀಯಾ? ಮೈಲುತುತ್ತ ಒಂದು ಕೇಜಿ ಈಗಲೇ ಕಬ್ಬಿಣದ ಬಕೆಟ್‌ನಲ್ಲಿ ನೆನೆಸಿ ಇಟ್ಟಿದ್ದೇನೆ. ಇವರಿಗೆ ಏನೂ ಹೇಳೋಕೆ ಆಗ್ತಿಲ್ಲ. ನೀನು ಬಂದ್ರೆ ಧೈರ್ಯ."

ಈ ಮೆಸೇಜು ಹೋಗಿ ಸೇರುವುದು ರಾಯಚೂರು ಜಿಲ್ಲೆಯ ಲಿಂಗಸೂಗೂರಿನ ಒಬ್ಬ ನಿವೃತ್ತ ವಿಜ್ಞಾನ ಮಾಸ್ತರರಿಗೆ. ಜನ್ಮದಲ್ಲಿ ಅಡಿಕೆ ತೋಟ ನೋಡಿದವರಲ್ಲ. ಆದರೆ ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟು ಅಂತ ಗೊತ್ತು. ಅವರು ಹೀಗೆ ಉತ್ತರ ಕಳಿಸುತ್ತಾರೆ:

"ಅಮ್ಮಾರ, ನಾ ಮಂಜ ಅಲ್ರಿ. ನಂಬರ್ ತಪ್ಪೈತ್ರಿ. ಆದ್ರ ಒಂದು ಮಾತು. ಆ ಬಕೀಟಿನ್ಯಾಗ ಇಡಬ್ಯಾಡ್ರಿ, ಈಗಿಂದೀಗ ತೆಗೀರಿ."

ಇಲ್ಲಿಯವರೆಗೆ ನನಗೆ ಸಮಾಧಾನ ಇದೆ. ಆಮೇಲೆ ಅವರು ಶುಭೋದಯ ಕಳಿಸಿಕೊಳ್ಳುತ್ತಾರೆ, ಊಟ ಆಯ್ತಾ ಕೇಳಿಕೊಳ್ಳುತ್ತಾರೆ, ಸ್ನೇಹ ಬೆಳೆಯುತ್ತದೆ. ಈ ಭಾಗ ಓದಿದರೆ ನನಗೇ ನಂಬಿಕೆ ಬರ್ತಿಲ್ಲ. ಎರಡನೇ ಮೆಸೇಜು, ಮೂರನೇ ಮೆಸೇಜು ಯಾಕೆ ಬರಬೇಕು?

ಮೊಬೈಲ್_ಮಿತ್ರ

ಮೊದಲ ಹೆಜ್ಜೆಯೇ ತಪ್ಪಿದೆ ಮೇಡಂ. ವಾಟ್ಸಾಪ್‌ನಲ್ಲಿ ನಂಬರ್ ಯಾರದ್ದೋ ಅವರ ಹೆಸರು ಕಾಣುತ್ತೆ. ಮಾಸ್ತರರ ಹೆಸರು ನೋಡಿದ ಕೂಡಲೇ ಅಮ್ಮನಿಗೆ ಗೊತ್ತಾಗುತ್ತೆ, ಮೆಸೇಜು ಹೋಗೋದೇ ಇಲ್ಲ.

ಇನ್ನೊಂದು. ಈಗ ಗೊತ್ತಿಲ್ಲದ ನಂಬರಿನಿಂದ ಏನು ಬಂದ್ರೂ ಜನ ಬ್ಲಾಕ್ ಮಾಡ್ತಾರೆ. "ಕ್ಷಮಿಸಿ, ತಪ್ಪಿ ಬಂತು, ನೀವು ಯಾರು?" ಅಂತ ನಯವಾಗಿ ಶುರು ಮಾಡಿ, ವಾರಗಟ್ಟಲೆ ಮಾತಾಡಿಸಿ, ಕೊನೆಗೆ ಷೇರು, ಕ್ರಿಪ್ಟೋ ಅಂತ ದುಡ್ಡು ಹಾಕಿಸಿಕೊಳ್ಳೋ ಮೋಸ ಎಷ್ಟು ನಡೀತಿದೆ. ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅಳೋರಲ್ಲಿ ನಿವೃತ್ತರೂ ಇದ್ದಾರೆ. ನಿಮ್ಮ ಮಾಸ್ತರು ಉತ್ತರ ಕೊಟ್ಟಿದ್ದೇ ಸುಳ್ಳು ಅನ್ನಿಸುತ್ತೆ.

ಹಳೇಪುಟ

@ಮೊಬೈಲ್_ಮಿತ್ರ, ಎರಡನೇ ಮಾತು ಸರಿ. ಮೊದಲನೇದು ಅರ್ಧ ಸರಿ. ನಂಬರನ್ನು ಮೊದಲು "ಮಂಜ" ಅಂತ ಸೇವ್ ಮಾಡಿಕೊಂಡರೆ ಸಾವಿತ್ರಮ್ಮನ ಫೋನಿನಲ್ಲಿ "ಮಂಜ" ಅಂತಲೇ ಕಾಣುತ್ತೆ. ಫೋಟೋ ಜಾಗದಲ್ಲಿ ಬಸವಣ್ಣನ ಚಿತ್ರ ಇದ್ದರೆ ಅವರಿಗೆ ಸಂಶಯ ಯಾಕೆ ಬರಬೇಕು? ಅತ್ತ ಮಾಸ್ತರಿಗೆ ಕಾಣೋದು ಬರೀ ನಂಬರು, ಜೊತೆಗೆ ಆಕೆ ತಾನೇ ಇಟ್ಟುಕೊಂಡ ಹೆಸರು, ಕೆಳಗೆ ಬ್ಲಾಕ್ ಮಾಡುವ ಗುಂಡಿ. ವಸುಧಾ, ಆ ಗುಂಡಿಯನ್ನು ಕಥೆಯಲ್ಲಿ ತನ್ನಿ. ಮಾಸ್ತರರ ಮಗಳು ಪಕ್ಕದಲ್ಲಿದ್ದು "ಅಪ್ಪ, ಒತ್ತಿಬಿಡು" ಅನ್ನಲಿ. ಇವತ್ತಿನ ಓದುಗ ಆಗ ಮಾತ್ರ ನಂಬ್ತಾನೆ.

ವಾಯ್ಸ್ ಮೆಸೇಜು ಒಳ್ಳೆ ಆಯ್ಕೆ. ಮೋಸಗಾರ ಮೊದಲು ಕೇಳೋದು ನಿಮ್ಮ ವಿಷಯ. ಎಲ್ಲಿದ್ದೀರಿ, ಏನು ಕೆಲಸ ಅಂತ. ಈಕೆ ಕೇಳುವವನ ಬಗ್ಗೆ ಏನೂ ಕೇಳಿಲ್ಲ. ತನ್ನ ಮನೆಯ ಬಕೆಟ್ಟಿನ ಸುದ್ದಿ ಹೇಳಿದ್ದಾರೆ. ಮಾಸ್ತರರ ಸಂಶಯ ಕರಗೋದು ಅಲ್ಲಿ.

ನವೀನ್_ಬೆಂ

ನನಗೂ ಹೀಗೇ ಆಗಿದೆ. ಹೋದ ತಿಂಗಳು ಮನೆ ಬಾಡಿಗೆ ಯುಪಿಐನಲ್ಲಿ ತಪ್ಪು ನಂಬರಿಗೆ ಹೋಯ್ತು. ಆ ಮನುಷ್ಯನಿಗೆ ಫೋನ್ ಮಾಡಿದ್ರೆ ಎತ್ತಲ್ಲ. ವಾಪಸ್ ತರಿಸೋದು ಹೇಗೆ? ಯಾರಿಗಾದರೂ ಗೊತ್ತಿದ್ರೆ ಹೇಳಿ.

ಹಳೇಪುಟ

@ನವೀನ್_ಬೆಂ, ಪಾವತಿ ಮಾಡಿದ ಆ್ಯಪಿನಲ್ಲೇ ಆ ವಹಿವಾಟು ತೆರೆದು ದೂರು ಹಾಕಿ. ಜೊತೆಗೆ ನಿಮ್ಮ ಬ್ಯಾಂಕಿಗೆ ವಹಿವಾಟಿನ ಯುಟಿಆರ್ ನಂಬರ್ ಕೊಟ್ಟು ಬರಹದಲ್ಲಿ ತಿಳಿಸಿ. ದುಡ್ಡು ಪಡೆದವರು ಒಪ್ಪಬೇಕಾಗುತ್ತೆ, ಅದಕ್ಕೇ ತಡವಾಗುತ್ತೆ. ಬೇಗ ಮಾಡಿ.

ನಿಮ್ಮ ಕೇಸು ನೋಡಿದಾಗ ಈ ಕಥೆಗೂ ಒಂದು ವಿಷಯ ಹೊಳೀತು. ತಪ್ಪಿ ಬಂದದ್ದು ದುಡ್ಡಾಗಿದ್ದರೆ ಪಡೆದವನು ಸಾಲಗಾರ ಆಗ್ತಾನೆ. ವಾಪಸ್ ಕೊಟ್ಟ ಕೂಡಲೇ ಲೆಕ್ಕ ಮುಗೀತು, ಕಥೆಯೂ ಮುಗೀತು. ಬಕೆಟ್ಟಿನ ಸುದ್ದಿಗೆ ಆ ತೊಂದರೆ ಇಲ್ಲ.

ತೋಟದಮನೆ

ನಮ್ಮದು ಸಿದ್ದಾಪುರ ಕಡೆ, ಅಡಿಕೆ ತೋಟ. ಓದಿ ಖುಷಿ ಆಯ್ತು. ನಮ್ಮ ಕೆಲಸವನ್ನು ಕಥೆಯಲ್ಲಿ ಇಷ್ಟು ಹತ್ತಿರದಿಂದ ತರೋರು ಕಡಿಮೆ. ಅದಕ್ಕೇ ಸ್ವಲ್ಪ ಉದ್ದ ಬರೀತೇನೆ.

ಕಬ್ಬಿಣದ ಬಕೆಟ್ಟಿಗೆ ಮೈಲುತುತ್ತ ಹಾಕಬಾರದು ಅಂತ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ತಾಮ್ರವೆಲ್ಲ ಬಕೆಟ್ಟಿಗೇ ಹತ್ತಿಕೊಳ್ಳುತ್ತೆ. ಬಕೆಟ್ಟೂ ಹಾಳು, ಮದ್ದೂ ಹಾಳು. ಪ್ಲಾಸ್ಟಿಕ್ ಡ್ರಮ್ಮು, ಮಣ್ಣಿನದ್ದು, ಮರದ್ದು ಆಗಬಹುದು. ಮದ್ದಿನ ಅಂಗಳಕ್ಕೆ ಯಾವತ್ತೂ ಇಳಿಯದ ಹೆಂಗಸು ಅಂತ ನೀವು ಕಟ್ಟಿರೋದು ಸರಿ, ಆದರೆ ಆ ಮಾತು ಇನ್ನೂ ಗಟ್ಟಿಯಾಗಬೇಕು. ಗಂಡ ಬಕೆಟ್ ನೋಡಿದ್ದರೆ ಕೈಸನ್ನೆ ಮಾಡಿಯಾದ್ರೂ ತಡೀತಿದ್ರು. ಹಾಗಾಗಿ ಅವರು ಒಳಗಿನ ಕೋಣೆಯಲ್ಲಿ ಮಲಗಿರಲಿ, ಬಕೆಟ್ ಕೊಟ್ಟಿಗೆ ಮಗ್ಗುಲಲ್ಲಿರಲಿ.

ಮಂಜ ಬಂದ ಮೇಲಿನ ಕೆಲಸ ಹೀಗೆ. ಒಂದು ಕೇಜಿ ಮೈಲುತುತ್ತ ಐವತ್ತು ಲೀಟರ್ ನೀರಿನಲ್ಲಿ. ಇನ್ನೊಂದು ಡ್ರಮ್ಮಿನಲ್ಲಿ ಒಂದು ಕೇಜಿ ಸುಟ್ಟ ಸುಣ್ಣ ಅರಳಿಸಿ, ಸೋಸಿ, ಐವತ್ತು ಲೀಟರ್. ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ನಿಧಾನಕ್ಕೆ ಹೊಯ್ಯಬೇಕು, ಕದಡುತ್ತಾ ಇರಬೇಕು. ಬಣ್ಣ ಆಕಾಶದ ನೀಲಿಗೆ ಬರುತ್ತೆ. ಆಮೇಲೆ ಚೆನ್ನಾಗಿ ಉಜ್ಜಿದ ಕತ್ತಿ ಅದ್ದಿ ಒಂದು ನಿಮಿಷ ಬಿಟ್ಟು ಎತ್ತಿ ನೋಡೋದು. ಕತ್ತಿ ಕೆಂಪಗಾದ್ರೆ ಸುಣ್ಣ ಸಾಲದು ಅಂತ ಅರ್ಥ. ಅದೇ ಮದ್ದು ಹೊಡೆದ್ರೆ ಸಿಂಗಾರ, ಸೋಗೆ ಎಲ್ಲ ಸುಡುತ್ತೆ. ಕತ್ತಿ ಬೆಳ್ಳಗೇ ಉಳಿಯೋವರೆಗೆ ಸುಣ್ಣದ ತಿಳಿ ಸೇರಿಸಬೇಕು. ಕಲಸಿದ ಮದ್ದನ್ನು ಅವತ್ತೇ ಮುಗಿಸಬೇಕು.

ಆ ಕತ್ತಿ ನಿಮ್ಮ ಕಥೆಗೆ ಬೇಕೇ ಬೇಕು ಅನ್ನಿಸುತ್ತೆ.

ವಸುಧಾ_ಬರಹ

@ತೋಟದಮನೆ, ತುಂಬಾ ಉಪಕಾರ ಆಯ್ತು. ಕತ್ತಿ ಅದ್ದಿ ನೋಡೋದು ನನಗೆ ಗೊತ್ತಿರಲಿಲ್ಲ. ಮಾಸ್ತರರು ಹತ್ತನೇ ತರಗತಿಗೆ ಪ್ರತಿ ವರ್ಷ ಮಾಡಿಸುತ್ತಿದ್ದ ಪ್ರಯೋಗವೂ ಅದೇ ಅಲ್ವಾ? ತಾಮ್ರದ ಸಲ್ಫೇಟಿನ ನೀರಿಗೆ ಕಬ್ಬಿಣದ ಮೊಳೆ ಹಾಕಿಡೋದು, ಮೊಳೆ ಕೆಂಪಾಗೋದು, ನೀರಿನ ನೀಲಿ ಕಡಿಮೆಯಾಗೋದು. ಅದಕ್ಕೇ ಬಕೆಟ್ ಅಂದ ಕೂಡಲೇ ಅವರಿಗೆ ಸುಮ್ಮನಿರಲು ಆಗಲಿಲ್ಲ ಅಂತ ಇಟ್ಟಿದ್ದೆ.

ಮಳೆಹನಿ

ನನಗೆ ಈ ಬಕೆಟ್, ಸುಣ್ಣ ಎಲ್ಲ ಮನಸ್ಸಿಗೆ ತಟ್ಟಲಿಲ್ಲ, ಕ್ಷಮಿಸಿ. ಬೇರೆ ಥರ ಯೋಚಿಸಿ. ತೀರಿಕೊಂಡ ಅಪ್ಪನ ನಂಬರಿಗೆ ಮಗಳು ದಿನಾ ಮೆಸೇಜು ಕಳಿಸ್ತಿರ್ತಾಳೆ. ಒಂದಿನ ಆ ಕಡೆಯಿಂದ ಉತ್ತರ ಬರುತ್ತೆ. ಆ ನಂಬರು ಈಗ ಬೇರೆಯವರಿಗೆ ಸಿಕ್ಕಿರುತ್ತೆ. ಇದರಲ್ಲಿ ಭಾವನೆ ಇದೆ.

ಹಳೇಪುಟ

@ಮಳೆಹನಿ, ಅದು ನಿಜವಾಗಿ ನಡೆಯೋದೇ. ನಿಂತುಹೋದ ನಂಬರನ್ನು ಕನಿಷ್ಠ 90 ದಿನ ಯಾರಿಗೂ ಕೊಡಲ್ಲ, ಆಮೇಲೆ ಹೊಸಬರಿಗೆ ಕೊಡ್ತಾರೆ. ಆದರೆ ಈ ಕಥೆಯನ್ನು ನಾವೆಲ್ಲ ಬೇರೆ ಬೇರೆ ರೂಪದಲ್ಲಿ ಎಷ್ಟೋ ಸಲ ಓದಿದ್ದೇವೆ. ನನಗೆ ಅದರಲ್ಲಿ ಕಾಣೋ ತೊಂದರೆ ಇದು: ಉತ್ತರ ಕೊಡುವವನಿಗೆ ಸಮಾಧಾನ ಹೇಳೋದು ಬಿಟ್ಟು ಬೇರೆ ಕೆಲಸ ಇಲ್ಲ. ಅವನು ಯಾರಾದರೂ ಆಗಬಹುದು. ವಸುಧಾ ಅವರ ಕಥೆಯಲ್ಲಿ ಹಾಗಲ್ಲ. ಆ ಮೆಸೇಜು ಬೇರೆ ಯಾರ ಫೋನಿಗೆ ಹೋಗಿದ್ದರೂ "ರಾಂಗ್ ನಂಬರ್" ಅಂದು ಮುಗೀತಿತ್ತು.

ಮಳೆಹನಿ

ಯಾರಾದರೂ ಆಗಬಹುದು ಅನ್ನೋದೇ ಅದರ ಚಂದ ಅಲ್ವಾ? ಗುರುತಿಲ್ಲದ ಯಾರೋ ಒಬ್ಬರು ಕೂತು ಕೇಳಿಸಿಕೊಂಡರು. ನಾನು ಒಪ್ಪಲ್ಲ.

ಅಂಚೆಚೀಟಿ

ನಾನು ಅಂಚೆ ಇಲಾಖೆಯಲ್ಲಿ ಇದ್ದು ನಿವೃತ್ತನಾದವನು. ಪತ್ರದ ಕಾಲದಲ್ಲೂ ಹೀಗೆ ಆಗ್ತಿತ್ತು. ಹೊಸಹಳ್ಳಿ, ಹೊಸೂರು ಅನ್ನೋ ಊರು ಪ್ರತಿ ತಾಲ್ಲೂಕಿಗೂ ಒಂದಿರುತ್ತೆ. ಪಿನ್ ಕೋಡ್ ಬಂದದ್ದೇ 1972ರಲ್ಲಿ, ಜನ ಅದನ್ನು ಬರೆಯೋ ರೂಢಿ ಮಾಡಿಕೊಳ್ಳೋಕೆ ಇನ್ನೂ ಬಹಳ ವರ್ಷ ಹಿಡೀತು. ಅದೇ ಹೆಸರಿನ ಊರು, ಅದೇ ಹೆಸರಿನ ಮನುಷ್ಯ ಸಿಕ್ಕಿಬಿಟ್ಟರೆ ಕಾಗದ ಅವನ ಕೈಗೇ ಹೋಗೋದು.

ಆದರೆ ಒಂದು ವ್ಯತ್ಯಾಸ ಇದೆ. ಇನ್‌ಲ್ಯಾಂಡ್ ಲೆಟರ್ ಅಂಟಿಸಿರುತ್ತೆ. ಹೊರಗಡೆ ಕಳಿಸಿದವರ ವಿಳಾಸ ಇರುತ್ತೆ. ಇದು ನನ್ನದಲ್ಲ ಅಂತ ಅನುಮಾನ ಬಂದ ಮೇಲೂ ಒಡೆದು ಓದಿದರೆ ಅದು ಅವನ ಆಯ್ಕೆ. ಓದಿ ಉತ್ತರ ಬರೆಯೋದು ಅಂದರೆ ಓದಿದ್ದನ್ನು ಒಪ್ಪಿಕೊಂಡ ಹಾಗೆ. ಎಷ್ಟೋ ಜನ ಅಂಜಿ ಪೋಸ್ಟ್‌ಮ್ಯಾನ್ ಕೈಗೆ ವಾಪಸ್ ಕೊಡ್ತಿದ್ರು. ಫೋನಿನಲ್ಲಿ ಹಾಗಿಲ್ಲ. ತಪ್ಪಿ ಬಂದದ್ದು ಅಂತ ಗೊತ್ತಾಗೋ ಹೊತ್ತಿಗೆ ಪೂರ್ತಿ ಕೇಳಿಯೇ ಆಗಿರುತ್ತೆ. ಬೇರೆಯವರ ಮನೆಯ ಕಷ್ಟ ಕಿವಿಗೆ ಬಿದ್ದಾಗಿದೆ. ಮೇಲಾಗಿ ವಾಯ್ಸ್ ಮೆಸೇಜಿನ ಮೈಕ್ ಗುರುತು ನೀಲಿಯಾಗುತ್ತೆ, ಇವರು ಕೇಳಿದ್ದಾರೆ ಅಂತ ಆಕೆಗೂ ತಿಳಿಯುತ್ತೆ. ಮಾಸ್ತರರು ಉತ್ತರ ಕೊಡೋಕೆ ಈ ಮುಜುಗರವೂ ಒಂದು ಕಾರಣ ಆಗಬಹುದು.

ಹಳೇಪುಟ

ಅಂಚೆಚೀಟಿಯವರ ಮಾತು ನನ್ನನ್ನು ಇನ್ನೊಂದು ಕಡೆಗೆ ಎಳೀತು. ತಪ್ಪಿ ಹೋದ ಕಾಗದಕ್ಕೆ ಎರಡು ತುದಿ. ಒಬ್ಬರಿಗೆ ಸಿಕ್ಕಿತು. ಇನ್ನೊಬ್ಬರಿಗೆ ಸಿಗಲಿಲ್ಲ.

ಮಂಜ ಎಲ್ಲಿ ಹೋದ?

ವಸುಧಾ, ನಿಮ್ಮ ಮಧ್ಯಭಾಗ ಕುಸಿಯೋದು ಇದೇ ಕಾರಣಕ್ಕೆ ಅಂತ ನನಗೆ ಅನ್ನಿಸುತ್ತೆ. ಮೆಸೇಜು ಯಾರಿಗೆ ಮುಟ್ಟಬೇಕಿತ್ತೋ ಅವನಿಗೆ ಮುಟ್ಟಲೇ ಇಲ್ಲ. ಬೆಳಿಗ್ಗೆ ಅವನು ಬರಲ್ಲ. ಮೋಡ ಕಟ್ಟಿದೆ. ಊರಿನಲ್ಲಿ ಎಲ್ಲರೂ ಅದೇ ವಾರ ಮದ್ದು ಹೊಡೆಸೋರು, ಮಂಜ ಬೇರೆ ತೋಟಕ್ಕೆ ಮಾತು ಕೊಟ್ಟುಬಿಡ್ತಾನೆ. ಮಾಸ್ತರರಿಗೆ ಇದು ರಾತ್ರಿಯೇ ಗೊತ್ತು: ಈ ಸುದ್ದಿ ನನ್ನ ಹತ್ತಿರ ಬಂದಿದೆ ಅಂದರೆ ಮಂಜನ ಹತ್ತಿರ ಹೋಗಿಲ್ಲ. ಅದಕ್ಕೇ ಎರಡನೇ ಮೆಸೇಜು ಅವರಿಂದಲೇ ಬರಬೇಕು. "ಮಂಜ ಸಿಕ್ಕನೇನ್ರಿ?" ಅಂತ. ಶುಭೋದಯ ತೆಗೆದುಹಾಕಿ, ಈ ಒಂದು ಸಾಲು ಇಡಿ.

ತಪ್ಪಿ ಬಂದ ಮೆಸೇಜಿನ ಬಹಳ ಕಥೆಗಳಲ್ಲಿ ಈ ಮೂರನೆಯವನನ್ನು ಮರೆತುಬಿಡ್ತಾರೆ. ಬರೆದವರಿಗೆ ಇಬ್ಬರನ್ನು ಸೇರಿಸುವ ಅವಸರ ಇರುತ್ತೆ.

ತೋಟದಮನೆ

ಇದು ಸರಿಯಾದ ಮಾತು. ಕೊನೆಗೌಡರು ಈಗ ಸಿಗೋದೇ ಕಷ್ಟ. ಒಂದು ದಿನ ತಪ್ಪಿದ್ರೆ ವಾರ ಕಾಯಬೇಕಾಗಬಹುದು. ಅಷ್ಟರಲ್ಲಿ ಮಳೆ ಹಿಡಿದ್ರೆ ಕಾಯಿ ಉದುರೋಕೆ ಶುರು.

ಒಂದು ಎಚ್ಚರ. ಆ ದಿನ ಮಂಜ ಬರದಿದ್ರೂ ಪ್ಲಾಸ್ಟಿಕ್ ಡ್ರಮ್ಮಿಗೆ ಹೊಸದಾಗಿ ನೆನೆಸಿದ ಮೈಲುತುತ್ತಕ್ಕೆ ಏನೂ ಆಗಲ್ಲ, ಹಾಗೇ ಇಡಬಹುದು. ಸುಣ್ಣ ಕಲಸಿದ ಮೇಲೆ ಮಾತ್ರ ಅವತ್ತೇ ಮುಗಿಸಬೇಕು. ಇದನ್ನು ಅದಲು ಬದಲು ಮಾಡಿ ಬರೆದ್ರೆ ನಮ್ಮ ಕಡೆಯೋರು ಅಲ್ಲೇ ಪುಸ್ತಕ ಮುಚ್ಚಿಡ್ತಾರೆ.

ಕೃಷ್ಣಾತೀರ

ನಾನು ಲಿಂಗಸೂಗೂರಿನ ಹತ್ತಿರದವನು. ನಮ್ಮ ಮಾತು ಬಂದಿದ್ದು ನೋಡಿ ಸಂತೋಷ ಆಯ್ತು. "ಬಕೀಟಿನ್ಯಾಗ" ಸರಿ ಇದೆ.

ಆದರೆ ಇಲ್ಲಿಯವರೆಗೆ ಎಲ್ಲರೂ ಸಾವಿತ್ರಮ್ಮನ ಕಡೆಯಿಂದ ಮಾತಾಡಿದಿರಿ. ಮಾಸ್ತರಿಗೆ ಏನು ಸಿಕ್ಕಿತು? ಬರೀ ಉಪದೇಶ ಕೊಡುವ ಮನುಷ್ಯ ಆದರೆ ಅದು ಸ್ನೇಹ ಅಲ್ಲ, ಪಾಠ. ನಮ್ಮ ಕಡೆ ಮೇ ತಿಂಗಳಲ್ಲಿ ಹೊರಗೆ ಕಾಲಿಡೋಕಾಗಲ್ಲ. ನಿವೃತ್ತ ಮನುಷ್ಯ, ಮಧ್ಯಾಹ್ನವೆಲ್ಲ ಬಾಗಿಲು ಹಾಕಿಕೊಂಡು ಕೂಡಬೇಕು. ಒಂದು ಕಾಲಕ್ಕೆ ತರಗತಿ ತುಂಬ ಹುಡುಗರು "ಸರ್, ಸರ್" ಅಂತಿದ್ರು. ಈಗ ಅವರನ್ನು ಯಾರೂ ಏನೂ ಕೇಳೋದಿಲ್ಲ. ಅಂಥವರಿಗೆ ಒಬ್ಬರು "ಕತ್ತಿ ಯಾಕೆ ಕೆಂಪಾಯ್ತು ಸರ್?" ಅಂತ ಕೇಳಿದರೆ ಏನಾಗಬಹುದು ಯೋಚಿಸಿ.

ಇನ್ನೊಂದು: ಮಾಸ್ತರಿಗೂ ಒಂದು ಕಡೆ ಗೊತ್ತಿರಬಾರದು. ಅವರು "ಲಿಟ್ಮಸ್ ಕಾಗದ ಹಾಕಿ ನೋಡ್ರಿ" ಅನ್ನಲಿ. ಹಳ್ಳಿ ಮನೆಯಲ್ಲಿ ಲಿಟ್ಮಸ್ ಎಲ್ಲಿಂದ ಬರಬೇಕು? ಕತ್ತಿಯ ಉಪಾಯ ಮಂಜನದ್ದೇ ಆಗಿರಲಿ. ಮಾಸ್ತರು ಮಂಜನಿಂದ ಕಲೀಲಿ.

ವಸುಧಾ_ಬರಹ

ನಿಮ್ಮೆಲ್ಲರ ಮಾತು ಕೇಳಿ ಮಧ್ಯಭಾಗ ಪೂರ್ತಿ ಹೊಸದಾಗಿ ಬರೆದೆ. ಒಂದು ತುಣುಕು ಹಾಕ್ತಿದ್ದೇನೆ. ಮೂರು ದಿನ ತಡವಾಗಿ ಮಂಜ ಬಂದಿದ್ದಾನೆ.

*ಮಂಜ ಕತ್ತಿಯನ್ನು ಬೂದಿಯಲ್ಲಿ ಉಜ್ಜಿ, ಪಂಚೆಯ ತುದಿಗೆ ಒರೆಸಿ, ಡ್ರಮ್ಮಿಗೆ ಅದ್ದಿದ. ಎತ್ತಿದಾಗ ಅಲಗಿನ ತುಂಬ ಹಳೇ ದುಡ್ಡಿನ ಬಣ್ಣ.*

*"ಸುಣ್ಣ ಸಾಲದು ಅಕ್ಕಾ. ಯಾವಾಗ ತಂದಿದ್ದು ಇದು?"*

*"ಹೋದ ವರ್ಷದ್ದೇ ಇತ್ತಲ್ಲ ಚೀಲದಲ್ಲಿ."*

*ಮಂಜ ಏನೂ ಹೇಳಲಿಲ್ಲ. ಸಾವಿತ್ರಮ್ಮ ಕತ್ತಿಯ ಫೋಟೋ ತೆಗೆದು ಕಳಿಸಿದರು. ಉತ್ತರ ಬರಲು ತಡವಾಗಲಿಲ್ಲ. ಫೋನಿನ ಸದ್ದು ಜೋರು ಮಾಡಿ ಡ್ರಮ್ಮಿನ ಅಂಚಿಗೆ ಇಟ್ಟರು.*

*"ಅಮ್ಮಾರ, ಹಳೇ ಸುಣ್ಣ ಗಾಳಿ ಕುಡದು ಸತ್ತೈತ್ರಿ. ಅದರಾಗ ಕಸುವಿಲ್ಲ. ಹಂಗಾಗಿ ತಾಮ್ರ ಇನ್ನಾ ನೀರಿನ್ಯಾಗ ಬಿಡಿಯಾಗಿ ಉಳದೈತಿ. ಅದಾ ಕತ್ತಿಗೆ ಹತ್ತೈತಿ. ಹೊಸ ಸುಣ್ಣ ತರಸ್ರಿ. ಮತ್ತ, ಈ ಕತ್ತಿ ಅದ್ದೋದು ಯಾರು ಹೇಳಿಕೊಟ್ಟಾರ್ರೀ? ನಾ ಇಷ್ಟು ವರ್ಷ ಮೊಳೆ ಹಾಕಿ ತೋರಿಸೀನಿ, ಇದು ಹಿಂಗ ಉಪಯೋಗಕ್ಕ ಬರ್ತದ ಅಂತ ಒಬ್ಬ ಹುಡುಗಗೂ ಹೇಳಿಲ್ಲ."*

*"ಯಾರಕ್ಕಾ ಅದು?" ಎಂದ ಮಂಜ.*

*"ನಿನ್ನ ನಂಬರಿಗೆ ಮಾಡಿದ್ರೆ ಸಿಕ್ಕಿದೋರು."*

*ಒಳಗಿನ ಕೋಣೆಯಿಂದ ಒಂದು ಸದ್ದು ಬಂತು. ಸಾವಿತ್ರಮ್ಮ ಓಡಿ ಹೋದರು. ಯಜಮಾನರು ಬಾಗಿಲ ಕಡೆಗೇ ಕತ್ತು ತಿರುಗಿಸಿಕೊಂಡಿದ್ದರು. "ಸು... ಸು..." ಎನ್ನುತ್ತಿದ್ದರು. ಸುಣ್ಣ ಎನ್ನಲು ಹೊರಟಿದ್ದರು.*

ಇದಾದ ಮೇಲೆ ಮಾಸ್ತರರ ಮೆಸೇಜನ್ನೆಲ್ಲ ಸಾವಿತ್ರಮ್ಮ ಗಂಡನ ಹಾಸಿಗೆ ಪಕ್ಕದಲ್ಲೇ ಕೂತು ಹಾಕಿ ಕೇಳಿಸುತ್ತಾರೆ. ಕೊನೆಯಲ್ಲಿ ಮಾಸ್ತರು ಶಿರಸಿಗೆ ಬರ್ತಾರೆ, ಬಸ್ ಸ್ಟ್ಯಾಂಡಿನಲ್ಲಿ ಭೇಟಿ ಆಗುತ್ತೆ ಅಂತ ಯೋಚಿಸಿದ್ದೇನೆ.

ತೋಟದಮನೆ

ಆ "ಸು... ಸು..." ಓದಿ ಕಣ್ಣು ತುಂಬಿತು. ನಮ್ಮ ದೊಡ್ಡಪ್ಪನೂ ಹೀಗೇ ಇದ್ದರು. ತೋಟದ್ದೆಲ್ಲ ತಲೆಯಲ್ಲಿ ಇರ್ತಿತ್ತು, ಬಾಯಿಗೆ ಬರ್ತಿರಲಿಲ್ಲ.

ಹಳೇಪುಟ

ಭೇಟಿ ಬೇಡ ಅಂತ ನನ್ನ ಅಭಿಪ್ರಾಯ. ಇವರಿಬ್ಬರೂ ಪರಸ್ಪರ ಧ್ವನಿಯಾಗಿಯೇ ಗೊತ್ತಿರುವವರು. ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರೆ ಮುಖ, ಬಟ್ಟೆ, ವಯಸ್ಸು ಎಲ್ಲ ವರ್ಣಿಸಬೇಕಾಗುತ್ತೆ. ಮಾತು ಎಲ್ಲಿಂದ ಶುರು ಮಾಡ್ತೀರಿ? ಬದಲಿಗೆ ಸಮಯ ನಿಮಗೇ ದಾರಿ ತೋರಿಸುತ್ತೆ. ಎರಡನೇ ಮದ್ದು ಯಾವಾಗ, ತೋಟದಮನೆಯವರೇ?

ತೋಟದಮನೆ

ಮೊದಲನೇದು ಆಗಿ 40–45 ದಿನಕ್ಕೆ. ಮಳೆ ಉದ್ದ ಹಿಡಿದ್ರೆ ಮೂರನೇದೂ ಬೇಕಾಗುತ್ತೆ.

ಹಳೇಪುಟ

ಹಾಗಾದ್ರೆ ಆ ನಲವತ್ತು ದಿನದ ಮೌನ ಬರೆಯಿರಿ. ಕೆಲಸ ಮುಗಿದಿದೆ, ಮಾತಾಡೋಕೆ ಕಾರಣ ಇಲ್ಲ. ಯಾರು ಮೊದಲು ಮೆಸೇಜು ಕಳಿಸ್ತಾರೆ ಅನ್ನೋದರಲ್ಲಿ ಸ್ನೇಹ ಆಗಿದೆಯೋ ಇಲ್ಲವೋ ಗೊತ್ತಾಗುತ್ತೆ.

ಕೃಷ್ಣಾತೀರ

ನಾನು ಒಪ್ಪೋದಿಲ್ಲ. ನಮ್ಮ ಕಡೆ ಮನುಷ್ಯನ ಗುರುತಾದ ಮೇಲೆ ಮನೆಗೆ ಹೋಗದೆ ಇರೋದಿಲ್ಲ. ಯಜಮಾನರು ಹಾಸಿಗೆ ಹಿಡಿದಿದ್ದಾರೆ ಅಂತ ಗೊತ್ತಿದ್ದೂ ಮಾಸ್ತರು ನೋಡೋಕೆ ಬರದಿದ್ದರೆ ಅವರ ಬಗ್ಗೆ ನನಗೆ ಗೌರವ ಉಳಿಯೋದಿಲ್ಲ. ಬಸ್ ಸ್ಟ್ಯಾಂಡ್ ಬೇಡ, ಸರಿ. ನೇರ ಆ ಹಾಸಿಗೆ ಹತ್ತಿರ ಬರಲಿ, ಅವರ ಪಕ್ಕ ಕೂಡಲಿ. ಭೇಟಿ ಆಗಬೇಕಾದ್ದು ಅವರಿಬ್ಬರದು.

ಮೊಬೈಲ್_ಮಿತ್ರ

ನಾನೂ ಕೃಷ್ಣಾತೀರ ಕಡೆ. ಆದರೆ ಮಗಳ ಹತ್ತಿರ ಹೇಳಿ ಬರಲಿ. ಅಡ್ರೆಸ್ಸೂ ಅವಳಿಗೆ ಕೊಟ್ಟು ಬರಲಿ.

ವಸುಧಾ_ಬರಹ

ಹಾಸಿಗೆ ಪಕ್ಕದ ಭೇಟಿ ನನಗೆ ಹೊಳೆದೇ ಇರಲಿಲ್ಲ. ನಲವತ್ತು ದಿನದ ಮೌನವೂ ಬಿಡೋಕೆ ಮನಸ್ಸಿಲ್ಲ. ಎರಡನ್ನೂ ಬರೆದು ನೋಡ್ತೇನೆ. ಎರಡನೇ ಮದ್ದಿನ ದಿನ, ಜಡಿಮಳೆ, ಮಂಜ ಮರದ ಮೇಲಿದ್ದಾನೆ, ಆಗ ಮಾಸ್ತರರ ಮೆಸೇಜು ಬರುತ್ತೆ ಅಂತ ಶುರು ಮಾಡಿದ್ದೇನೆ.

ತೋಟದಮನೆ

ಜಡಿಮಳೆಯಲ್ಲಿ ಮರ ಹತ್ತೋದು ಅಪಾಯ, ಜಾರುತ್ತೆ. ಮದ್ದೂ ಕೊನೆಗೆ ಹಿಡಿಯಲ್ಲ, ತೊಳೆದು ಹೋಗುತ್ತೆ. ಜುಲೈನಲ್ಲಿ ನಾವು ಹೊಳವು ಕಾಯ್ತಾ ಕೂತಿರ್ತೇವೆ. ಮದ್ದು ಒಣಗೋಕೆ ಒಂದಿಷ್ಟು ಹೊತ್ತು ಬಿಸಿಲು ಬೇಕೇ ಬೇಕು. ಅವತ್ತು ಬೆಳಿಗ್ಗೆಯಿಂದ ಒಂದು ಹೊಳವು ಕೊಡಿ. ಅಂಟಿಗೆ ರಾಳ-ಸೋಡಾ ಸೇರಿಸೋದನ್ನೂ ಎಲ್ಲಾದ್ರೂ ಒಂದು ಸಾಲಿನಲ್ಲಿ ತನ್ನಿ, ಆ ಮಳೆಗಾಲಕ್ಕೆ ಅದಿಲ್ಲದೆ ಆಗಲ್ಲ.